ಸಹಾಯ ಬೇಕು: ಸಂಬಳದ ಅಡ್ವಾನ್ಸೋ, ಪರ್ಸನಲ್ ಲೋನೋ?

ನಮಸ್ಕಾರ. ಹಾಸನದಲ್ಲಿ ಫ್ಯಾಕ್ಟರಿ ಕೆಲಸ, ಕೈಗೆ ಬರೋ ಸಂಬಳ 24,000. ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದಿದೆ, ಸೋಮವಾರದೊಳಗೆ 60,000 ಕಟ್ಟಬೇಕು.

ಕಂಪನಿಯವರು ಬಡ್ಡಿಯಿಲ್ಲದೆ ಅಡ್ವಾನ್ಸ್ ಕೊಡ್ತಾರೆ, ಆದರೆ ಆರು ತಿಂಗಳು ಹತ್ತತ್ತು ಸಾವಿರ ಹಿಡೀತಾರೆ. ಉಳಿಯೋ 14,000ದಲ್ಲಿ ಬಾಡಿಗೆಗೇ 6,000, ಅಮ್ಮನ ಔಷಧಿ ಬೇರೆ. ಮಧ್ಯೆ ಕೈಸಾಲ ಮಾಡಿದರೆ ಉಳಿಸಿದ ಬಡ್ಡಿ ಅಲ್ಲಿಗೇ ಹೋಗುತ್ತೆ ಅನ್ನೋದೇ ಭಯ.

ಬ್ಯಾಂಕಲ್ಲಿ 16% ಬಡ್ಡಿ, 12 ಕಂತು, ತಿಂಗಳಿಗೆ ಸುಮಾರು 5,440. ಪ್ರೊಸೆಸಿಂಗ್ ಫೀ 2%, ಜಿಎಸ್‌ಟಿ ಸೇರಿ 1,416 ಮೊದಲೇ ಮುರ್ಕೊಂಡು 58,584 ಕೈಗೆ ಕೊಡ್ತಾರೆ. ಬಡ್ಡಿಯೂ ಸೇರಿದರೆ 6,700ರಷ್ಟು ಹೆಚ್ಚು.

ಹತ್ತು ತಿಂಗಳು, 6,000 ಕಂತು ಮಾಡಿಕೊಟ್ಟರೆ ನನಗೆ ಅಡ್ವಾನ್ಸೇ ಸರಿ. ಯಾರಾದ್ರೂ ಎಚ್‌ಆರ್ ಹತ್ರ ಹಾಗೆ ಬರೆಸಿಕೊಂಡಿದ್ದೀರಾ? ಮಧ್ಯೆ ಕೆಲಸ ಬಿಟ್ಟರೆ ಬಾಕಿಯೆಲ್ಲ ಒಟ್ಟಿಗೇ ಹಿಡೀತಾರಾ?