ದಾರದ ಮೇಲೆ ಎರಡು ಪಲ್ಸ್ ದಾಟುವ ಚಿತ್ರ: ನೀವು ಹೇಗೆ ಬಿಡಿಸಿದಿರಿ?

ಹೊಸ ಲೆಕ್ಚರರ್: ಪ್ರಥಮ ಪಿಯುಸಿಗೆ ಪಾಠ ಮಾಡುತ್ತಿದ್ದೇನೆ. ಎದುರುಬದುರು ಬರುವ ಎರಡು ತ್ರಿಕೋನ ಪಲ್ಸ್, ಒಂದು ಮೇಲ್ಮುಖ, ಇನ್ನೊಂದು ಕೆಳಮುಖ. ದಾಟುವಾಗ ದಾರ ಕ್ಷಣಕ್ಷಣಕ್ಕೂ ಹೇಗಿರುತ್ತದೆ ಅಂತ ಬಿಡಿಸಿ ತೋರಿಸಬೇಕು. ಪೂರ್ತಿ ಒಂದರ ಮೇಲೊಂದು ಬಂದಾಗಿನ ಚಿತ್ರ ಸುಲಭ. ನಡುವಿನ ಚಿತ್ರಗಳಲ್ಲೇ ತಪ್ಪುತ್ತಿದೆ. ಗ್ರಾಫ್ ಶೀಟಾ, ಟ್ರೇಸಿಂಗ್ ಪೇಪರಾ, ಕಂಪ್ಯೂಟರಾ? ಮಾಡಿ ನೋಡಿದವರು ಹೇಳಿ.

ಟ್ರೇಸಿಂಗ್ ಪೇಪರ್ ಮೇಡಂ: ಹನ್ನೊಂದು ವರ್ಷದಿಂದ ಟ್ರೇಸಿಂಗ್ ಪೇಪರೇ ನನ್ನ ದಾರಿ. ಒಂದೊಂದು ಪಲ್ಸ್‌ಗೆ ಒಂದೊಂದು ಹಾಳೆ. ಎರಡನ್ನೂ ಎದುರುಬದುರು ಜರುಗಿಸಿದರೆ ಆಯ್ತು, ಮಕ್ಕಳ ಕಣ್ಣೆದುರೇ ಪಲ್ಸ್ ನಡೆಯುತ್ತದೆ. ಮೊದಲ ವರ್ಷ ಜೆಲ್ ಪೆನ್ನಿನಲ್ಲಿ ಬಿಡಿಸಿದ್ದೆ. ಕೈ ಬೆವರಿಗೆ ಶಾಯಿ ಕಲೆಸಿ ಇಪ್ಪತ್ತು ಹಾಳೆ ಹಾಳಾದವು. ಹಾಳೆಗೆ ಎಂಟು ರೂಪಾಯಿಯಂತೆ ನೂರಾ ಅರವತ್ತು, ನನ್ನ ಕೈಯಿಂದಲೇ. ಆಮೇಲೆ ಎಚ್‌ಬಿ ಪೆನ್ಸಿಲ್‌ಗೆ ಬಂದೆ. ಮೇಲೆ ಮೂರನೇ ಹಾಳೆ ಇಟ್ಟು, ಎರಡು ಶಿಖರಗಳ ಎತ್ತರ ಕೂಡಿಸಿ ಗೆರೆ ಎಳೆದರೆ ಮೊತ್ತ ಬರುತ್ತದೆ. ಇದಕ್ಕಿಂತ ಸುಲಭದ್ದು ಇಲ್ಲ.

ನಿವೃತ್ತ ಮೇಷ್ಟ್ರು: ಶಿಖರ ಮಾತ್ರ ಕೂಡಿಸಿದರೆ ಆಗೋದಿಲ್ಲ ಮೇಡಂ. ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಮಾಡುತ್ತಿದ್ದ ಲೆಕ್ಕವನ್ನೇ ಹೇಳುತ್ತೇನೆ. ಎರಡೂ ಪಲ್ಸ್ 4 ಸೆಂ.ಮೀ. ಅಗಲ, 2 ಸೆಂ.ಮೀ. ಎತ್ತರ. ವೇಗ ಸೆಕೆಂಡಿಗೆ 1 ಸೆಂ.ಮೀ. ಶುರುವಿನಲ್ಲಿ ಮೇಲ್ಮುಖದ್ದು 0ರಿಂದ 4ರವರೆಗೆ, ಕೆಳಮುಖದ್ದು 8ರಿಂದ 12ರವರೆಗೆ. ಎರಡನೇ ಸೆಕೆಂಡಿಗೆ ಮೂತಿಗೆ ಮೂತಿ ತಾಗುತ್ತವೆ, ನಾಲ್ಕಕ್ಕೆ ಪೂರ್ತಿ ಕೂಡುತ್ತವೆ, ಆರಕ್ಕೆ ಬಿಟ್ಟುಹೋಗುತ್ತವೆ.

ಈಗ ಮೂರೂವರೆ ಸೆಕೆಂಡಿನ ಚಿತ್ರ ನೋಡಿ. ಮೇಲಿನದರ ಮೂಲೆಗಳು 3.5, 5.5, 7.5ರಲ್ಲಿ. ಕೆಳಗಿನದರ ಮೂಲೆಗಳು 4.5, 6.5, 8.5ರಲ್ಲಿ. ಒಟ್ಟು ಆರು ಮೂಲೆ. ಬೇರೆಲ್ಲೂ ಕೂಡಿಸುವುದು ಬೇಡ. ಎರಡು ಮೂಲೆಗಳ ನಡುವೆ ಎರಡೂ ಗೆರೆ ನೇರ, ಹಾಗಾಗಿ ಮೊತ್ತವೂ ನೇರವೇ. ಆರು ಕಡೆ ಕೂಡಿಸಿದರೆ ಬರುವುದು 0, 1, 1, -1, -1, 0. ಅಂದರೆ 4.5ರಿಂದ 5.5ರವರೆಗೆ ದಾರ 1 ಸೆಂ.ಮೀ. ಎತ್ತರದಲ್ಲಿ ಚಪ್ಪಟೆ. ಆ ಚಪ್ಪಟೆ ಭಾಗ ಬರದಿದ್ದರೆ ಚಿತ್ರ ತಪ್ಪು ಅಂತ ತಕ್ಷಣ ತಿಳಿಯುತ್ತದೆ. 1990ರ ದಶಕದಲ್ಲಿ ಇದೇ ಚಪ್ಪಟೆಯನ್ನು ಬಿಡಿಸಿದ ಹುಡುಗನಿಗೆ ಮೌಲ್ಯಮಾಪಕರೊಬ್ಬರು ಸೊನ್ನೆ ಕೊಟ್ಟಿದ್ದರು. ಆ ಉತ್ತರಪತ್ರಿಕೆ ಹಿಡಿದು ನಾನು ಎರಡು ವಾರ ಓಡಾಡಿದ್ದೇನೆ. ಇವತ್ತಿಗೂ ಆ ನೋವು ಹೋಗಿಲ್ಲ.

ಟ್ರೇಸಿಂಗ್ ಪೇಪರ್ ಮೇಡಂ: ನಾನು ಶಿಖರ ಅಂದಿದ್ದು ಸುಲಭವಾಗಲಿ ಅಂತ. ಮಕ್ಕಳಿಗೆ ಆರು ಮೂಲೆ ಅಂದರೆ ಗಾಬರಿ. ಹನ್ನೊಂದು ವರ್ಷದಲ್ಲಿ ನನ್ನ ವಿದ್ಯಾರ್ಥಿ ಒಬ್ಬರಿಗೂ ಅಂಕ ಹೋಗಿಲ್ಲ.

ನಿವೃತ್ತ ಮೇಷ್ಟ್ರು: ಮೂರೂವರೆಗೆ ನಿಮ್ಮ ಹಾಳೆ ಜರುಗಿಸಿ ನೋಡಿ. ಮೇಲಿನ ಶಿಖರ ಇರುವುದು 5.5ರಲ್ಲಿ, ಕೆಳಗಿನದು 6.5ರಲ್ಲಿ. ಒಂದೇ ಜಾಗದಲ್ಲಿ ಇಲ್ಲದ ಎರಡು ಎತ್ತರವನ್ನು ಹೇಗೆ ಕೂಡಿಸುತ್ತೀರಿ? ಅಂಕ ಹೋಗಲಿಲ್ಲ ಅಂದರೆ ಪ್ರಶ್ನೆ ಬಂದಿರಲಿಲ್ಲ ಅಂತ ಅಷ್ಟೇ.

ಸ್ಪ್ರೆಡ್‌ಶೀಟ್ ಪ್ರೇಮಿ: ಜಗಳ ಯಾಕೆ? ಕಂಪ್ಯೂಟರಿಗೆ ಬಿಡಿ. A ಕಾಲಂನಲ್ಲಿ ಜಾಗ, E1ನಲ್ಲಿ ಸಮಯ. B2ನಲ್ಲಿ ಇದು ಸಾಕು:

```
=MAX(0,2-ABS(A2-(2+$E$1)))-MAX(0,2-ABS(A2-(10-$E$1)))
```

ಆದರೆ ನನಗೂ ಒಂದು ಪೂರ್ತಿ ಭಾನುವಾರ ಹೋಗಿದೆ. A ಕಾಲಂನಲ್ಲಿ 0, 1, 2 ಅಂತ ಒಂದೊಂದು ಸೆಂ.ಮೀ. ಹಾಕಿದ್ದೆ. ಮೂರೂವರೆಗೆ ಚಾರ್ಟ್ ನೋಡಿದರೆ 5ರಲ್ಲಿ ಚೂಪು ಶಿಖರ, ಮೇಷ್ಟ್ರು ಹೇಳಿದ ಚಪ್ಪಟೆ ಇಲ್ಲವೇ ಇಲ್ಲ! ಸೂತ್ರ ತಪ್ಪಿದೆ ಅಂತ ಹತ್ತು ಸಲ ತಿದ್ದಿದೆ. ಸೂತ್ರ ಸರಿಯಾಗಿಯೇ ಇತ್ತು. ಮೂಲೆಗಳೆಲ್ಲ ಅರ್ಧದಲ್ಲಿದ್ದವು, ನಾನು ಅವನ್ನು ಹಾರಿ ಹೋಗುತ್ತಿದ್ದೆ. ಅರ್ಧ ಸೆಂ.ಮೀ. ಹೆಜ್ಜೆ ಹಾಕಿದ ಮೇಲೆ ಸರಿಯಾಯಿತು. ಆಮೇಲೆ ಚಾರ್ಟಿನಲ್ಲಿ ನಯವಾದ ಗೆರೆ ಆರಿಸಿಬಿಟ್ಟೆ. ಅದು ಮೂಲೆಗಳನ್ನು ದುಂಡಗೆ ಮಾಡಿ 1 ಸೆಂ.ಮೀ.ಗಿಂತ ಮೇಲೆ ಉಬ್ಬಿಸಿತು. ನೇರ ಗೆರೆಯ ಸ್ಕ್ಯಾಟರ್ ಚಾರ್ಟೇ ಬೇಕು.

ನಿವೃತ್ತ ಮೇಷ್ಟ್ರು: ನೋಡಿದಿರಾ, ಮೂಲೆ ಬಿಟ್ಟರೆ ಕಂಪ್ಯೂಟರ್ ಕೂಡ ತಪ್ಪುತ್ತದೆ.

ಸ್ಪ್ರೆಡ್‌ಶೀಟ್ ಪ್ರೇಮಿ: ದುಂಡಗಿನ ಪಲ್ಸ್ ಕೊಟ್ಟರೆ ನಿಮ್ಮ ಮೂಲೆ ಎಲ್ಲಿ ಸರ್? ಆಗ ನನ್ನ ದಾರಿಯೇ ಗತಿ.

ನಿವೃತ್ತ ಮೇಷ್ಟ್ರು: ಆಗ ಅರ್ಧರ್ಧ ಸೆಂ.ಮೀ.ಗೆ ಲಂಬ ಗೆರೆ ಎಳೆದು ಕೂಡಿಸಬೇಕು, ಒಪ್ಪುತ್ತೇನೆ. ಇಲ್ಲಿ ಕೇಳಿರುವುದು ತ್ರಿಕೋನ.

ಹಾಸನದ ಅಪ್ಪ: ನನ್ನ ಮಗಳದೂ ಇದೇ ಕಥೆ. ಅವಳಿಗೆ ಬಂದಿದ್ದು ಗೋಡೆಗೆ ಕಟ್ಟಿದ ದಾರ. ಒಂದೇ ಪಲ್ಸ್, ಗೋಡೆಗೆ ತಾಗಿ ತಲೆಕೆಳಗಾಗಿ ವಾಪಸ್ ಬರುತ್ತದೆ. ತಾಗುವ ಹೊತ್ತಿನ ಚಿತ್ರ ಬಿಡಿಸಲು ಬರದೆ ಅತ್ತಿದ್ದಳು. ಟ್ಯೂಷನ್‌ಗೆ ತಿಂಗಳಿಗೆ ಎರಡೂವರೆ ಸಾವಿರ ಕೊಟ್ಟಿದ್ದೆ, ಅಲ್ಲಿ ಯಾರೂ ಹೇಳಿಕೊಡಲಿಲ್ಲ. ಕೊನೆಗೆ ಅವಳ ಅಜ್ಜ ಹೇಳಿದರು: ಗೋಡೆಯ ಆಚೆಯಿಂದ ಕೆಳಮುಖದ ಸುಳ್ಳು ಪಲ್ಸ್ ಒಂದು ಬರುತ್ತಿದೆ ಅಂದುಕೋ. ಎರಡನ್ನೂ ಕೂಡಿಸು, ಗೋಡೆಯ ಈಚೆಗಿನದನ್ನು ಮಾತ್ರ ಉಳಿಸಿಕೋ.

ಹೊಸ ಲೆಕ್ಚರರ್: ಸರ್, ನನ್ನದು ಗೋಡೆ ಇರುವ ದಾರ ಅಲ್ಲ. ಆದರೂ ಮೇಷ್ಟ್ರ ಲೆಕ್ಕದಲ್ಲಿ 6 ಸೆಂ.ಮೀ. ಜಾಗ ಯಾವಾಗಲೂ ಸೊನ್ನೆಯಲ್ಲೇ ಇದೆ, ಅಲ್ವಾ? ಅಲ್ಲೇ ಗೋಡೆ ಇದ್ದ ಹಾಗೆ.

ನಿವೃತ್ತ ಮೇಷ್ಟ್ರು: ಸರಿಯಾಗಿ ಹಿಡಿದಿರಿ.

ಟ್ರೇಸಿಂಗ್ ಪೇಪರ್ ಮೇಡಂ: ಹಾಗಾದರೆ ಪಲ್ಸ್‌ಗಳು ಒಂದಕ್ಕೊಂದು ಬಡಿದು ವಾಪಸ್ ಹೋಗುತ್ತವೆ ಅಂತ ಒಪ್ಪಿದ ಹಾಗಾಯಿತು. ನನ್ನ ಕ್ಲಾಸಿನ ಹುಡುಗ ಹಾಗೇ ವಾದಿಸಿದ್ದ, ನಾನು ಬೈದಿದ್ದೆ.

ನಿವೃತ್ತ ಮೇಷ್ಟ್ರು: ಒಪ್ಪಿಲ್ಲ. ಎರಡೂ ಒಂದೇ ಅಳತೆ ಇದ್ದಾಗ ದಾಟಿದವೋ ಬಡಿದವೋ ಅಂತ ಚಿತ್ರ ನೋಡಿ ಹೇಳಲಾಗದು. ಒಂದನ್ನು ಅಗಲ, ಇನ್ನೊಂದನ್ನು ಕಿರಿದು ಮಾಡಿ. ಎಡದಿಂದ ಹೊರಟ ಅಗಲದ್ದು ಬಲಗಡೆಗೇ ಹೊರಬೀಳುತ್ತದೆ. ಅಲ್ಲಿಗೆ ವಾದ ಮುಗಿಯಿತು. ಆ ಹುಡುಗನನ್ನು ಬೈಯಬಾರದಿತ್ತು.

ಟ್ರೇಸಿಂಗ್ ಪೇಪರ್ ಮೇಡಂ: ನನ್ನ ಕ್ಲಾಸಿನಲ್ಲಿ ಏನು ಮಾಡಬೇಕು ಅಂತ ನೀವು ಹೇಳಬೇಡಿ.

ಲ್ಯಾಬ್ ಅಸಿಸ್ಟೆಂಟ್: ನಾಲ್ಕನೇ ಸೆಕೆಂಡಿನ ಬಗ್ಗೆ ಯಾರೂ ಮಾತಾಡಲಿಲ್ಲ. ದಾರ ಪೂರ್ತಿ ನೇರ. ಮಕ್ಕಳು ಅಲ್ಲೇ ಕೇಳುವುದು, ಪಲ್ಸ್ ಎಲ್ಲಿ ಹೋಯಿತು, ವಾಪಸ್ ಹೇಗೆ ಬಂತು ಅಂತ. ನಾನು ಆ ನೇರ ಗೆರೆಯ ಮೇಲೆ ಕೆಂಪು ಬಾಣ ಹಾಕಿಸುತ್ತೇನೆ. 4ರಿಂದ 6ರವರೆಗೆ ಕೆಳಕ್ಕೆ, 6ರಿಂದ 8ರವರೆಗೆ ಮೇಲಕ್ಕೆ. ಒಂಟಿ ಪಲ್ಸ್‌ನಲ್ಲಿ ದಾರದ ಚುಕ್ಕೆ ಸೆಕೆಂಡಿಗೆ 1 ಸೆಂ.ಮೀ. ಏರಿಳಿದರೆ ಇಲ್ಲಿ 2 ಸೆಂ.ಮೀ. ದಾರ ನೇರ ಕಾಣುತ್ತದೆ, ನಿಂತಿಲ್ಲ. ಶಕ್ತಿಯೆಲ್ಲ ಓಟದಲ್ಲಿದೆ.

ಒಂದು ತಕರಾರೂ ಇದೆ. 4 ಸೆಂ.ಮೀ. ಅಗಲಕ್ಕೆ 2 ಸೆಂ.ಮೀ. ಎತ್ತರ ಅಂದರೆ ನಿಜವಾದ ದಾರಕ್ಕೆ ಅತಿ ಕಡಿದು. ಅಷ್ಟು ಬಾಗಿದರೆ ಸುಮ್ನೆ ಕೂಡಿಸುವ ನಿಯಮವೇ ಪೂರ್ತಿ ನಿಲ್ಲದು. ಚೂಪು ಮೂಲೆಯೂ ನಿಜವಾದ ದಾರದಲ್ಲಿ ಬರದು. ಎತ್ತರವನ್ನು ಮಿಲಿಮೀಟರ್ ಅಂತ ಬರೆಯಿರಿ, ಇಲ್ಲವೇ ಎತ್ತರದ ಅಳತೆ ಹಿಗ್ಗಿಸಿದೆ ಅಂತ ಪಕ್ಕದಲ್ಲಿ ಹಾಕಿ.

ನಿವೃತ್ತ ಮೇಷ್ಟ್ರು: ಪಿಯುಸಿ ಮಕ್ಕಳಿಗೆ ಅದೆಲ್ಲ ಜಾಸ್ತಿಯಾಯಿತು.

ಲ್ಯಾಬ್ ಅಸಿಸ್ಟೆಂಟ್: ಆರು ಮೂಲೆ ಜಾಸ್ತಿ ಅಲ್ಲ, ಒಂದು ಸಾಲು ಜಾಸ್ತಿಯಾ?

ಹೊಸ ಲೆಕ್ಚರರ್: ಗ್ರಾಫ್ ಶೀಟಿನಲ್ಲಿ ಮಾಡಿದೆ. ಎರಡು ಪಲ್ಸ್ ಚುಕ್ಕೆ ಗೆರೆಯಲ್ಲಿ, ಮೊತ್ತ ದಪ್ಪ ಗೆರೆಯಲ್ಲಿ. ಮೂರೂವರೆಗೆ ಚಪ್ಪಟೆ ಬಂತು. ಮೂರಕ್ಕೆ ಶಿಖರ ಪೂರ್ತಿ 2 ಇದೆ, 5ರಿಂದ 7ಕ್ಕೆ ಒಂದೇ ಕಡಿದಾದ ಇಳಿಜಾರು, 2ರಿಂದ -2ಕ್ಕೆ. ಇದು ಸರಿಯಾ?

ಸ್ಪ್ರೆಡ್‌ಶೀಟ್ ಪ್ರೇಮಿ: E1ನಲ್ಲಿ 3 ಹಾಕಿ ನೋಡಿದೆ. ಅದೇ ಬಂತು.