ಅಪ್‌ಡೇಟ್: ದಿವಾಳಿಯಾದ ಕಾರ್ಖಾನೆಯಿಂದ ಪಿಎಫ್ ಬಾಕಿ

ನನ್ನ ಪ್ರಶ್ನೆ: "ಪೀಣ್ಯದ ನಮ್ಮ ಕಾರ್ಖಾನೆ ದಿವಾಳಿ ಪ್ರಕ್ರಿಯೆಗೆ ಹೋಗಿದೆ. ಒಂಬತ್ತು ತಿಂಗಳು ಸಂಬಳದಲ್ಲಿ ಪಿಎಫ್ ಹಿಡಿದಿದ್ದಾರೆ, ಕಟ್ಟಿಲ್ಲ. ಏನು ಮಾಡಲಿ?"

ಕೆಲಸಕ್ಕೆ ಬಂದದ್ದು, ನೌಕರರು ತಮ್ಮ ಬಾಕಿಗೆ ಹಕ್ಕು ಮಂಡಿಸುವ ಫಾರ್ಮ್ ಡಿ ತುಂಬುವ ಸಲಹೆ. ದಿವಾಳಿ ಪ್ರಕ್ರಿಯೆ ನಡೆಸುವ ಪರಿಹಾರ ವೃತ್ತಿಪರರ ಇಮೇಲ್ ಪತ್ರಿಕೆಯ ಪ್ರಕಟಣೆಯಲ್ಲಿತ್ತು, ಅದಕ್ಕೆ ಅದನ್ನು ಕಳುಹಿಸಿದೆ. ಜೊತೆಗೆ ಕಡಿತ ಕಾಣುವ ಸಂಬಳ ಚೀಟಿಗಳು ಮತ್ತು ಆ ತಿಂಗಳುಗಳ ನಮೂದೇ ಇಲ್ಲದ ಪಿಎಫ್ ಪಾಸ್‌ಬುಕ್. ನನ್ನ ಮೂಲ ವೇತನ 15,000. ನನ್ನ ಪಾಲು 1,800, ಮಾಲೀಕರ ಪಾಲೂ ಅಷ್ಟೇ. ಒಂಬತ್ತು ತಿಂಗಳಿಗೆ 32,400. ಮೊದಲು ನನ್ನ ಪಾಲನ್ನಷ್ಟೇ ಬರೆದಿದ್ದೆ, ಜೊತೆಯವರೊಬ್ಬರು ತಿದ್ದಿಸಿದರು. ನಿನ್ನೆ ಪೂರ್ತಿ ಮೊತ್ತ ಒಪ್ಪಿಕೊಂಡ ಉತ್ತರ ಬಂತು. ಹಣ ಇನ್ನೂ ಬಂದಿಲ್ಲ.

ಮಾಲೀಕರ ಮೇಲೆ ವಸೂಲಿ ದಾವೆ ಹೂಡುವ ಸಲಹೆ ಫಲಿಸಲಿಲ್ಲ. ಪ್ರಕ್ರಿಯೆ ನಡೆಯುವಾಗ ಕಂಪನಿಯ ಮೇಲಿನ ದಾವೆಗಳಿಗೆ ದಿವಾಳಿ ಸಂಹಿತೆಯ ಸೆಕ್ಷನ್ 14ರ ತಡೆ ಇರುತ್ತದೆ ಎಂದು ವಕೀಲರು ಫೈಲನ್ನೂ ತೆರೆಯದೆ ಹೇಳಿದರು. ಪಿಎಫ್ ಕಚೇರಿಗೂ ದೂರು ಕೊಟ್ಟೆ. ಅವರೂ ತಮ್ಮ ಬಾಕಿಗೆ ಹಕ್ಕು ಮಂಡಿಸಬಹುದು, ಹಾಗಾಗಿ ಅದು ವ್ಯರ್ಥವಲ್ಲ.

ನನಗೆ ಅಚ್ಚರಿ ತಂದದ್ದು ಬೇರೆ. ಬ್ಯಾಂಕಿನವರ ಹಿಂದೆ ಸಾಲಿನಲ್ಲಿ ನಿಲ್ಲಬೇಕೆಂದು ಹೆದರಿದ್ದೆ. ಆದರೆ ಕಂಪನಿ ಕೊನೆಗೆ ಸಮಾಪನಕ್ಕೆ, ಅಂದರೆ ಆಸ್ತಿ ಮಾರಿ ಮುಚ್ಚುವ ಹಂತಕ್ಕೆ ಹೋದರೂ, ದಿವಾಳಿ ಸಂಹಿತೆಯ ಸೆಕ್ಷನ್ 36(4)ರಂತೆ ಪಿಎಫ್ ಬಾಕಿ ಹಂಚಿಕೆಯ ಆಸ್ತಿಗೆ ಸೇರುವುದೇ ಇಲ್ಲ. ಬಾಕಿ ಸಂಬಳಕ್ಕೆ ಈ ರಕ್ಷಣೆ ಇಲ್ಲ, ಅದು ಸಾಲಿನಲ್ಲೇ ಕಾಯಬೇಕು. ಆದ್ದರಿಂದ ಫಾರ್ಮಿನಲ್ಲಿ ಎರಡನ್ನೂ ಒಂದೇ ಮೊತ್ತವಾಗಿ ಕೂಡಿಸದೆ, ಬೇರೆ ಬೇರೆಯಾಗಿ ತೋರಿಸಿ.