ಇಪ್ಪತ್ತಡಿ ಫ್ಲೆಕ್ಸ್‌ಗೆ ಫೋಟೋ ಎಷ್ಟು ದೊಡ್ಡದಿರಬೇಕು?

ಕೇಳಿದವರು, ಮಂಡ್ಯ ಹತ್ತಿರದ ಹಳ್ಳಿ: ನಮ್ಮೂರ ಹಬ್ಬಕ್ಕೆ 20 ಅಡಿ ಅಗಲ, 10 ಅಡಿ ಎತ್ತರದ ಫ್ಲೆಕ್ಸ್ ಮಾಡಿಸ್ತಿದ್ದೀವಿ. ಬಲಗಡೆ ಅರ್ಧಕ್ಕೆ ಅಮ್ಮನ ಫೋಟೋ ಬರಬೇಕು. ರಸ್ತೆ ಆಚೆಯಿಂದ, ಅಂದರೆ ಸುಮಾರು 50 ಅಡಿ ದೂರದಿಂದ ನೋಡ್ತಾರೆ. 300 ಡಿಪಿಐ ಫೋಟೋ ಬೇಕೇ ಬೇಕು ಅಂತ ಒಬ್ಬರು ಹೇಳಿದರು. ನಮ್ಮ ಹತ್ತಿರ ಇರುವುದು ಮೊಬೈಲಲ್ಲಿ ತೆಗೆದದ್ದು. ಸಾಕಾಗುತ್ತಾ? ಮಾಡಿಸಿದವರು ಹೇಳಿ.

ಮೈಸೂರಿನ ಒಬ್ಬರು: 300 ಎಲ್ಲ ಬೇಡ. ಫ್ಲೆಕ್ಸ್‌ಗೆ 72 ಸಾಕು. ಫೋಟೋಶಾಪಲ್ಲಿ ತೆರೆದು ರೆಸಲ್ಯೂಷನ್ ಜಾಗದಲ್ಲಿ 72 ಅಂತ ಹಾಕಿ ಕೊಟ್ಟುಬಿಡಿ.

ಮೈಸೂರು, ಹನ್ನೆರಡು ವರ್ಷದಿಂದ ಫ್ಲೆಕ್ಸ್ ಡಿಸೈನ್ ಮಾಡುವವರು: 300 ಬೇಡ ಅನ್ನುವುದು ಸರಿ. 20 ಅಡಿ ಅಂದರೆ 240 ಇಂಚು. ಇಂಚಿಗೆ 300ರಂತೆ ಅಗಲಕ್ಕೇ 72,000 ಪಿಕ್ಸೆಲ್ ಆಗುತ್ತದೆ. ಜೆಪೆಗ್ ಫೈಲಲ್ಲಿ ಅಷ್ಟು ಹಿಡಿಸುವುದೇ ಇಲ್ಲ, ಅದರ ಮಿತಿ 65,535. ಆದರೆ 72 ಅಂತ ಬರೆದ ಮಾತ್ರಕ್ಕೆ ಫೋಟೋ ಒಳಗೆ ಹೊಸದಾಗಿ ಏನೂ ಹುಟ್ಟುವುದಿಲ್ಲ. ಕ್ಯಾಮೆರಾ ಹಿಡಿದ ಪಿಕ್ಸೆಲ್ ಎಷ್ಟಿವೆಯೋ ಅಷ್ಟೇ.

ನಾನು ಲೆಕ್ಕ ಹಾಕುವುದು ಹೀಗೆ. ನೋಡುವ ದೂರ ಎಷ್ಟು ಅಡಿಯೋ ಅದರಿಂದ 300 ಅನ್ನು ಭಾಗಿಸಿ. ಕೈಯಲ್ಲಿ ಹಿಡಿದು ಒಂದಡಿಯಿಂದ ನೋಡುವ ಪುಸ್ತಕಕ್ಕೆ 300 ಬೇಕಾಗುವುದು ಅದಕ್ಕೇ. 50 ಅಡಿಗೆ ಇಂಚಿಗೆ 6 ಪಿಕ್ಸೆಲ್ ಬರುತ್ತದೆ. ಅದಕ್ಕಿಂತ ಸಣ್ಣ ಚುಕ್ಕೆಯನ್ನು ಮಾಮೂಲಿ ಕಣ್ಣು ಅಷ್ಟು ದೂರದಿಂದ ಬಿಡಿಸಿ ನೋಡಲಾರದು. ಮುಖ ಇರುವ ಫೋಟೋಗೆ ನಾನು ಅದರ ಎರಡರಷ್ಟು, ಅಂದರೆ 12 ಇಟ್ಟುಕೊಳ್ಳುತ್ತೇನೆ. ನಿಮ್ಮ ಫೋಟೋ ಕೂರುವ ಜಾಗ 10 ಅಡಿ, 120 ಇಂಚು. ಹಾಗಾದರೆ 1,440 ಪಿಕ್ಸೆಲ್ ಅಗಲ ಸಾಕು.

ಇಲ್ಲೇ ಜಾಸ್ತಿ ಜನ ಎಡವುವುದು. ಮೊಬೈಲ್ ಫೋಟೋ 4,000 ಪಿಕ್ಸೆಲ್ ಇದೆ ಅಂತ ನೆಮ್ಮದಿಯಾಗಿರುತ್ತಾರೆ. ಆಮೇಲೆ ಪಕ್ಕದ ಕಂಬ, ನಿಂತ ಜನ ಎಲ್ಲ ಕತ್ತರಿಸಿ ಅಮ್ಮನನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಕತ್ತರಿಸಿದ ಮೇಲೆ ಉಳಿದದ್ದನ್ನೇ ಎಣಿಸಿ.

ಕೇಳಿದವರು: ಈಗ ಕತ್ತರಿಸಿ ನೋಡಿದೆ ಸಾರ್. ಮೂಲ ಫೋಟೋದಲ್ಲಿ 1,500 ಅಗಲ ಉಳಿಯಿತು. ವಾಟ್ಸಾಪಲ್ಲಿ ಬಂದಿದ್ದರಲ್ಲಿ ಬರೀ 600.

ಡಿಸೈನ್ ಮಾಡುವವರು: ವಾಟ್ಸಾಪಿಂದು ಬೇಡವೇ ಬೇಡ. 120 ಇಂಚಿಗೆ 600 ಅಂದರೆ ಇಂಚಿಗೆ 5. ಅದೊಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಜೆಪೆಗ್ ಚಿತ್ರವನ್ನು 8 ಪಿಕ್ಸೆಲಿನ ಚೌಕ ಚೌಕವಾಗಿ ಒತ್ತುತ್ತದೆ. ನಿಮ್ಮ ಫ್ಲೆಕ್ಸಲ್ಲಿ ಒಂದೊಂದು ಚೌಕ ಒಂದೂವರೆ ಇಂಚು ದಾಟುತ್ತದೆ. ಕೆನ್ನೆ ಮೇಲೆ, ಮೂಗುತಿ ಸುತ್ತ ಅದು ರಸ್ತೆ ಆಚೆಗೂ ಕಾಣುತ್ತದೆ. ಮೂಲ ಫೋಟೋವನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ, ಇಲ್ಲವೇ ಪೆನ್‌ಡ್ರೈವಲ್ಲಿ ಕೊಡಿ.

ಶ್ರೀರಂಗಪಟ್ಟಣದ ಒಬ್ಬರು: ನಾನು ಮಗಳ ನಾಮಕರಣಕ್ಕೆ 8 ಅಡಿ ಬ್ಯಾನರ್ ಮಾಡಿಸಿದ್ದೆ. ಇಂಚಿಗೆ 15 ಸಾಕು ಅಂದರು, ಒಪ್ಪಿದೆ. ಬಂದವರೆಲ್ಲ ಅದರ ಮುಂದೆಯೇ ನಿಂತು ಫೋಟೋ ತೆಗೆಸಿಕೊಂಡರು. ಮಗುವಿನ ರೆಪ್ಪೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ತುಂಬಾ ಬೇಜಾರಾಯಿತು.

ಡಿಸೈನ್ ಮಾಡುವವರು: ನಿಮ್ಮದು ಆರಡಿ ದೂರದ ಲೆಕ್ಕ ಅಕ್ಕ. 300 ಭಾಗ 6, ಇಂಚಿಗೆ 50 ಬೇಕಿತ್ತು.

ಮೈಸೂರಿನ ಒಬ್ಬರು: ಕಮ್ಮಿ ಇದ್ದರೆ ಫೋಟೋಶಾಪಲ್ಲೇ ದೊಡ್ಡದು ಮಾಡಿಕೊಂಡರೆ ಆಯ್ತಲ್ಲ?

ಡಿಸೈನ್ ಮಾಡುವವರು: ಮೆಟ್ಟಿಲು ಮೆತ್ತಗಾಗುತ್ತವೆ, ವಿವರ ಬರುವುದಿಲ್ಲ. ನನಗಂತೂ ಅದು ಹಿಡಿಸದು.

ಮೈಸೂರಿನ ಒಬ್ಬರು: ನಾನು ಎಷ್ಟೋ ಸಲ ಮಾಡಿಸಿದ್ದೀನಿ, ಯಾರೂ ಏನೂ ಅಂದಿಲ್ಲ.

ಮಂಡ್ಯ, ಜೆರಾಕ್ಸ್ ಅಂಗಡಿಯವರು: ಲೆಕ್ಕದ ಮೇಲೆ ನಂಬಿಕೆ ಬರದಿದ್ದರೆ ಒಂದು ತುಂಡು ಪ್ರಿಂಟ್ ಹಾಕಿಸಿ ನೋಡಿ. ಅಮ್ಮನ ಕಣ್ಣಿನ ಸುತ್ತ 200 ಪಿಕ್ಸೆಲ್ ಅಗಲದಷ್ಟು ಕತ್ತರಿಸಿ, ಎ3 ಹಾಳೆಯ ಉದ್ದಕ್ಕೆ ತುಂಬುವಂತೆ ಕಲರ್ ಪ್ರಿಂಟ್ ತೆಗೆಸಿ. ನಿಮ್ಮ 1,500ರ ಫೋಟೋ ಫ್ಲೆಕ್ಸಲ್ಲಿ ಹೆಚ್ಚು ಕಡಿಮೆ ಅದೇ ಗಾತ್ರಕ್ಕೆ ಬರುತ್ತದೆ. ಗೋಡೆಗೆ ಅಂಟಿಸಿ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಇನ್ನೊಂದು, ಅಕ್ಷರಗಳನ್ನು ಚಿತ್ರ ಮಾಡಿ ಕೊಡಬೇಡಿ. ಕೋರೆಲ್‌ನಲ್ಲಿ ಅಕ್ಷರವಾಗಿಯೇ ಇರಲಿ, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ.

ಕೇಳಿದವರು: ಪ್ರಿಂಟ್ ಹಾಕಿಸಿ ನೋಡಿದೆವು. ಹತ್ತಿರದಿಂದ ಬರೀ ಚೌಕ, ರಸ್ತೆ ಆಚೆಯಿಂದ ಕಣ್ಣು ತಾಯಿ ಕಣ್ಣೇ. ಆದರೆ ಒಂದು ಯೋಚನೆ ಬಂತು. ಫ್ಲೆಕ್ಸ್ ಕೆಳಗೇ ಬಸ್‌ಗೆ ಕಾಯುವ ಜಾಗ ಇದೆ. ಅಲ್ಲಿ ನಿಂತವರಿಗೆ 12 ಅಡಿ ದೂರ ಅಷ್ಟೇ.

ಡಿಸೈನ್ ಮಾಡುವವರು: ಹಾಗಾದರೆ ಇಂಚಿಗೆ 25 ಬೇಕು. 10 ಅಡಿಗೆ 3,000 ಪಿಕ್ಸೆಲ್, ಅಷ್ಟು ನಿಮ್ಮ ಹತ್ತಿರ ಇಲ್ಲ. ಫೋಟೋವನ್ನು 5 ಅಡಿ ಅಗಲಕ್ಕೆ ಇಳಿಸಿ. 1,500ನ್ನು 60 ಇಂಚಿಗೆ ಹಂಚಿದರೆ ಸರಿಯಾಗಿ 25. ಉಳಿದ ಜಾಗಕ್ಕೆ ಅರಿಶಿನ ಬಣ್ಣ ತುಂಬಿ, ಹಬ್ಬದ ತಾರೀಕು ದೊಡ್ಡದಾಗಿ ಹಾಕಿ.

ಕೇಳಿದವರು: ಯಜಮಾನರನ್ನು ಕೇಳಿದೆ, ಒಪ್ಪಿದರು. 5 ಅಡಿಗೇ ಮಾಡಿಸ್ತೀವಿ.